ರೋಲ್-ಅಪ್ ಸ್ಟ್ಯಾಂಡಿಯ ವಿನ್ಯಾಸದ ಅಳತೆ ಮತ್ತು ತಳಭಾಗವನ್ನು ತೆರವಾಗಿ ಇರಿಸುವ ಕ್ರಮ

ಪೀಠಿಕೆ

ಸಾರ್ವಜನಿಕ ತಿಳುವಳಿಕೆಗಾಗಿ ಸಿದ್ಧಪಡಿಸುವ ಫಲಕಗಳಲ್ಲಿ ದೂರವಾಣಿ ಸಂಖ್ಯೆಯನ್ನು ಕೊನೆಯ ಸಾಲಿನಲ್ಲಿ ನಮೂದಿಸುವುದು ರೂಢಿಯಲ್ಲಿದೆ. ಗೋಡೆಗೆ ಅಂಟಿಸುವ ಭಿತ್ತಿಪತ್ರದಲ್ಲಿ ಇದರಿಂದ ತೊಂದರೆಯಾಗುವುದಿಲ್ಲ. ಆದರೆ ಅದೇ ವಿನ್ಯಾಸವನ್ನು ರೋಲ್-ಅಪ್ ಸ್ಟ್ಯಾಂಡಿಗೆ ಬಳಸಿದಾಗ ಕೊನೆಯ ಸಾಲು ಸ್ಟ್ಯಾಂಡಿಯ ತಳಪೆಟ್ಟಿಗೆಯೊಳಗೆ ಸೇರಿಹೋಗುವ ಸಂಭವವಿರುತ್ತದೆ. ಕಂಪ್ಯೂಟರಿನ ಪರದೆಯ ಮೇಲೆ ಸರಿಯಾಗಿ ಕಂಡ ವಿನ್ಯಾಸದ ದೋಷವು, ಮುದ್ರಣವಾಗಿ ಸ್ಟ್ಯಾಂಡಿಯನ್ನು ನಿಲ್ಲಿಸಿದ ನಂತರವೇ ಗೋಚರಿಸುತ್ತದೆ.

ಉತ್ತರ ಕನ್ನಡ ಜಿಲ್ಲೆಯ ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳಲ್ಲಿ ಮೀನುಗಾರರ ಸುರಕ್ಷತೆಗೆ ಸಂಬಂಧಿಸಿದ ಫಲಕವನ್ನು ಈ ಲೇಖನದಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ. ರಾಜ್ಯದ ಕರಾವಳಿಯಲ್ಲಿ ಯಾಂತ್ರಿಕೃತ ಮೀನುಗಾರಿಕೆಯನ್ನು ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನಗಳ ಕಾಲ ನಿಷೇಧಿಸಲಾಗುತ್ತದೆ. ಆಗಸ್ಟ್ ಆರಂಭದಲ್ಲಿ ದೋಣಿಗಳು ಕಡಲಿಗೆ ಇಳಿಯುವಾಗ ಮಳೆಗಾಲ ಇನ್ನೂ ಮುಗಿದಿರುವುದಿಲ್ಲ. ಕಡಲಿನಲ್ಲಿ ಅಪಾಯಕ್ಕೆ ಸಿಲುಕಿದವರಿಗಾಗಿ ಭಾರತೀಯ ಕೋಸ್ಟ್ ಗಾರ್ಡ್‌ನ ಉಚಿತ ಸಂಖ್ಯೆ 1554 ಹಾಗೂ ಕರಾವಳಿ ಕಾವಲು ಪೊಲೀಸರ ಸಂಖ್ಯೆ 1093 ಇವೆ. ಇಂತಹ ಫಲಕದಲ್ಲಿ ಉಳಿದೆಲ್ಲ ವಿವರಗಳಿದ್ದು ಈ ಎರಡು ಸಂಖ್ಯೆಗಳು ಮಾತ್ರ ಕಾಣದಿದ್ದರೆ, ಫಲಕವನ್ನು ನಿಲ್ಲಿಸಿದ ಉದ್ದೇಶವೇ ಈಡೇರುವುದಿಲ್ಲ.

1. ಸ್ಟ್ಯಾಂಡಿಯ ಭಾಗಗಳು

ರೋಲ್-ಅಪ್ ಸ್ಟ್ಯಾಂಡಿಯು ಮುಖ್ಯವಾಗಿ ಮೂರು ಭಾಗಗಳನ್ನು ಒಳಗೊಂಡಿರುತ್ತದೆ. ಮೊದಲನೆಯದು ನೆಲದ ಮೇಲೆ ಕೂರುವ ಉದ್ದನೆಯ ಲೋಹದ ಪೆಟ್ಟಿಗೆ. ಇದನ್ನು ಮುದ್ರಣ ಮಳಿಗೆಗಳಲ್ಲಿ ಬೇಸ್ ಅಥವಾ ಕ್ಯಾಸೆಟ್ ಎಂದು ಕರೆಯುತ್ತಾರೆ. ಇದರೊಳಗೆ ಸ್ಪ್ರಿಂಗ್ ಅಳವಡಿಸಿದ ಉರುಳೆಯೊಂದು ಇರುತ್ತದೆ. ಎರಡನೆಯದು ಪೆಟ್ಟಿಗೆಯ ಹಿಂಬದಿಯಲ್ಲಿ ನೆಟ್ಟಗೆ ನಿಲ್ಲುವ, ಎರಡು ಮೂರು ತುಂಡುಗಳಾಗಿ ಜೋಡಿಸುವ ಕಂಬ. ಮೂರನೆಯದು ಮುದ್ರಿತ ಹಾಳೆಯ ಮೇಲಂಚನ್ನು ಹಿಡಿದುಕೊಳ್ಳುವ ಪಟ್ಟಿ. ಕಂಬದ ತುದಿಯನ್ನು ಈ ಪಟ್ಟಿಗೆ ಸಿಕ್ಕಿಸಿದಾಗ ಹಾಳೆಯು ಬಿಗಿಯಾಗಿ ನಿಲ್ಲುತ್ತದೆ.

ಮುದ್ರಿತ ಹಾಳೆಯ ಕೆಳಅಂಚನ್ನು ಉರುಳೆಗೆ ನೇರವಾಗಿ ಅಂಟಿಸುವುದಿಲ್ಲ. ಉರುಳೆಗೆ ಮೊದಲೇ ಸುತ್ತಿರುವ ಒಂದು ಜೋಡಣೆ ಪಟ್ಟಿ ಇರುತ್ತದೆ. ಹಾಳೆಯ ಕೆಳಅಂಚನ್ನು ಎರಡೂ ಬದಿ ಅಂಟಿರುವ ಟೇಪಿನಿಂದ ಆ ಪಟ್ಟಿಗೆ ಸೇರಿಸಲಾಗುತ್ತದೆ. ಸ್ಟ್ಯಾಂಡಿಯನ್ನು ಪೂರ್ಣವಾಗಿ ಎತ್ತಿ ನಿಲ್ಲಿಸಿದಾಗಲೂ ಈ ಸೇರ್ಪಡೆಯು ಪೆಟ್ಟಿಗೆಯ ಒಳಗೇ ಉಳಿಯಬೇಕು. ಅದು ಹೊರಗೆ ಬಂದಲ್ಲಿ ಸ್ಪ್ರಿಂಗಿನ ಸೆಳೆತವು ಟೇಪಿನ ಮೇಲೆ ನೇರವಾಗಿ ಬಿದ್ದು, ಕೆಲವೇ ದಿನಗಳಲ್ಲಿ ಹಾಳೆ ಕಳಚಿಕೊಳ್ಳಬಹುದು. ಆದುದರಿಂದ ಹಾಳೆಯ ಕೆಳಗಿನ ಕೆಲವು ಅಂಗುಲಗಳು ಪೆಟ್ಟಿಗೆಯೊಳಗೆ ಇರುವುದು ದೋಷವಲ್ಲ. ಅದು ಸ್ಟ್ಯಾಂಡಿಯ ರಚನೆಗೆ ಅಗತ್ಯ. ಆ ಅಂಗುಲಗಳನ್ನು ವಿನ್ಯಾಸದಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳದಿರುವುದೇ ದೋಷ.

2. ಒಟ್ಟು ಅಳತೆ ಮತ್ತು ಕಾಣುವ ಅಳತೆ

ಮುದ್ರಣ ಮಳಿಗೆಗಳಲ್ಲಿ ಸ್ಟ್ಯಾಂಡಿಯನ್ನು “ಮೂರು ಆರು” ಎಂದು ಕೇಳುವುದು ವಾಡಿಕೆ. ಅಂದರೆ 3 ಅಡಿ ಅಗಲ ಮತ್ತು 6 ಅಡಿ ಎತ್ತರ. ಈ 6 ಅಡಿಯು ನಿಲ್ಲಿಸಿದಾಗ ಕಾಣುವ ಎತ್ತರವೋ ಅಥವಾ ಮುದ್ರಿಸುವ ಹಾಳೆಯ ಒಟ್ಟು ಉದ್ದವೋ ಎಂಬುದನ್ನು ಬಹುತೇಕ ಸಂದರ್ಭಗಳಲ್ಲಿ ಯಾರೂ ಕೇಳುವುದಿಲ್ಲ. ತೊಂದರೆಯ ಮೂಲ ಇಲ್ಲಿಯೇ ಇದೆ.

ಒಟ್ಟು ಉದ್ದವೇ 6 ಅಡಿ, ಅಂದರೆ 72 ಅಂಗುಲ, ಎಂದು ಭಾವಿಸಿ ವಿನ್ಯಾಸ ಮಾಡಲಾಗಿದೆ ಎಂದಿಟ್ಟುಕೊಳ್ಳಬಹುದು. ಹಾಳೆಯ 4 ಅಂಗುಲ ಕೆಳಗೆ ಪೆಟ್ಟಿಗೆಯೊಳಕ್ಕೆ, 1 ಅಂಗುಲ ಮೇಲಿನ ಪಟ್ಟಿಯೊಳಕ್ಕೆ ಹೋದರೆ ಕಾಣುವುದು 67 ಅಂಗುಲ ಮಾತ್ರ. ಕೊನೆಯ ಸಾಲನ್ನು ಹಾಳೆಯ ಕೆಳಅಂಚಿನಿಂದ 3 ಅಂಗುಲದೊಳಗೆ ಬರೆದಿದ್ದರೆ ಅದು ಪೂರ್ತಿಯಾಗಿ ಮರೆಯಾಗುತ್ತದೆ. ಇದು ಕಣ್ಣಿಗೆ ಬೀಳುವ ತಪ್ಪಾದುದರಿಂದ ಯಾರಾದರೂ ಗಮನಿಸುತ್ತಾರೆ. ಆದರೆ ಸಾಲಿನ ತಳಗೆರೆ 5 ಅಂಗುಲ ಮೇಲಿದ್ದಾಗ ಅದು ಪೆಟ್ಟಿಗೆಯ ಸೀಳಿನಿಂದ ಕೇವಲ 1 ಅಂಗುಲ ಮೇಲೆ ನಿಲ್ಲುತ್ತದೆ. 2 ಅಂಗುಲ ಎತ್ತರದ ಕನ್ನಡ ಅಕ್ಷರಕ್ಕೆ ಒತ್ತಕ್ಷರವಿದ್ದಲ್ಲಿ ಅದು ತಳಗೆರೆಯಿಂದ ಸುಮಾರು 1 ಅಂಗುಲ ಕೆಳಗಿಳಿಯುತ್ತದೆ. ಆಗ ಮೂಲಾಕ್ಷರಗಳು ಕಾಣುತ್ತವೆ, ಒತ್ತುಗಳು ಸೀಳಿನ ಅಂಚಿಗೆ ತಾಗುತ್ತವೆ. ಹಾಳೆ ಸ್ವಲ್ಪ ಇಳಿದರೂ ಅವು ಒಳಗೆ ಸೇರುತ್ತವೆ. “ರಕ್ಷಣೆ” ಎಂಬುದು “ರಕಣೆ” ಎಂದೂ, “ತಪ್ಪದೆ” ಎಂಬುದು “ತಪದೆ” ಎಂದೂ ಕಾಣುತ್ತದೆ. ಇಂಗ್ಲಿಷ್ ಫಲಕಕ್ಕೆ ಸಾಕಾಗುವ ತಳದ ಅಂತರವು ಕನ್ನಡ ಫಲಕಕ್ಕೆ ಸಾಲದಿರುವುದಕ್ಕೆ ಇದೇ ಕಾರಣ.

ಆದ್ದರಿಂದ ವಿನ್ಯಾಸ ಆರಂಭಿಸುವ ಮೊದಲು ಬಳಸಲಿರುವ ಸ್ಟ್ಯಾಂಡಿಯನ್ನೇ ನಿಲ್ಲಿಸಿ, ಪೆಟ್ಟಿಗೆಯ ಸೀಳಿನಿಂದ ಮೇಲಿನ ಪಟ್ಟಿಯ ಕೆಳಅಂಚಿನವರೆಗೆ ಟೇಪು ಹಿಡಿದು ಅಳೆಯುವುದು ಸೂಕ್ತ. ಇದೇ ಕಾಣುವ ಎತ್ತರ. ಹೊಸ ಸ್ಟ್ಯಾಂಡಿಯಾಗಿದ್ದಲ್ಲಿ ಮುದ್ರಕರಿಂದ ಮೂರು ಅಂಕಿಗಳನ್ನು ಬರವಣಿಗೆಯಲ್ಲಿ ಪಡೆಯತಕ್ಕದ್ದು: ಕಾಣುವ ಎತ್ತರ, ತಳಪೆಟ್ಟಿಗೆಯೊಳಗೆ ಬೇಕಾಗುವ ಹೆಚ್ಚುವರಿ ಉದ್ದ ಮತ್ತು ಮೇಲಿನ ಪಟ್ಟಿಯೊಳಗೆ ಬೇಕಾಗುವ ಉದ್ದ. ಪೆಟ್ಟಿಗೆಯ ಮಾದರಿಗೆ ಅನುಗುಣವಾಗಿ ತಳದ ಹೆಚ್ಚುವರಿ ಉದ್ದವು 4ರಿಂದ 8 ಅಂಗುಲದವರೆಗೆ ವ್ಯತ್ಯಾಸವಾಗುವುದುಂಟು. ಒಂದು ಮಳಿಗೆಯ ಅಳತೆಯನ್ನು ಮತ್ತೊಂದು ಮಳಿಗೆಯ ಪೆಟ್ಟಿಗೆಗೆ ಅನ್ವಯಿಸಬಾರದು.

3. ಉದಾಹರಣೆ: ಮೀನುಗಾರರ ಸುರಕ್ಷತಾ ಫಲಕ

ಕಾರವಾರದ ಬೈತಖೋಲ ಮೀನುಗಾರಿಕೆ ಬಂದರಿನಲ್ಲಿಯೂ, ನಂತರ ಅಂಕೋಲಾ ತಾಲ್ಲೂಕಿನ ಬೇಲೇಕೇರಿಯಲ್ಲಿಯೂ ನಿಲ್ಲಿಸಲು ಒಂದೇ ಸ್ಟ್ಯಾಂಡಿಯನ್ನು ಸಿದ್ಧಪಡಿಸಬೇಕಾಗಿದೆ ಎಂದು ಭಾವಿಸಲಾಗಿದೆ. ಮುದ್ರಕರು ನೀಡಿದ ಅಳತೆಗಳು ಹೀಗಿವೆ: ಅಗಲ 36 ಅಂಗುಲ, ಕಾಣುವ ಎತ್ತರ 72 ಅಂಗುಲ, ತಳಪೆಟ್ಟಿಗೆಯೊಳಗೆ 6 ಅಂಗುಲ, ಮೇಲಿನ ಪಟ್ಟಿಯೊಳಗೆ 1 ಅಂಗುಲ. ಆದುದರಿಂದ ವಿನ್ಯಾಸದ ಒಟ್ಟು ಉದ್ದ 72 + 6 + 1 = 79 ಅಂಗುಲ. ಮುದ್ರಣಕ್ಕೆ ನೀಡುವ ಕಡತದ ಅಳತೆಯು 36 × 79 ಅಂಗುಲ ಇರತಕ್ಕದ್ದು. 36 × 72 ಅಲ್ಲ.

ಕಾಣುವ 72 ಅಂಗುಲವನ್ನು 1 : 2 : 2 : 1 ಪ್ರಮಾಣದಲ್ಲಿ ನಾಲ್ಕು ವಲಯಗಳಾಗಿ ವಿಂಗಡಿಸಿಕೊಳ್ಳಬಹುದು. ಪೆಟ್ಟಿಗೆಯ ಎತ್ತರ 4 ಅಂಗುಲ ಎಂದು ಹಿಡಿದರೆ, ನೆಲದಿಂದ ಈ ವಲಯಗಳ ಎತ್ತರ ಕೆಳಕಂಡಂತಿರುತ್ತದೆ.

ಅ) ಶಿರೋವಲಯ: 12 ಅಂಗುಲ (ನೆಲದಿಂದ 64ರಿಂದ 76 ಅಂಗುಲ). ಲಾಂಛನ ಮತ್ತು ಕಚೇರಿಯ ಹೆಸರು.
ಆ) ದೃಷ್ಟಿವಲಯ: 24 ಅಂಗುಲ (40ರಿಂದ 64 ಅಂಗುಲ). ಶೀರ್ಷಿಕೆ ಮತ್ತು ದೂರವಾಣಿ ಸಂಖ್ಯೆಗಳು.
ಇ) ವಿವರವಲಯ: 24 ಅಂಗುಲ (16ರಿಂದ 40 ಅಂಗುಲ). ಪಾಲಿಸಬೇಕಾದ ಸೂಚನೆಗಳು.
ಈ) ತೆರವು ವಲಯ: 12 ಅಂಗುಲ (4ರಿಂದ 16 ಅಂಗುಲ). ಹಿನ್ನೆಲೆಯ ಬಣ್ಣ ಅಥವಾ ಚಿತ್ರ ಮಾತ್ರ. ಯಾವುದೇ ಬರಹ ಇರಬಾರದು.

ನಿಂತಿರುವ ವಯಸ್ಕರ ಕಣ್ಣಿನ ಮಟ್ಟವು ನೆಲದಿಂದ ಸುಮಾರು 5 ಅಡಿ, ಅಂದರೆ 60 ಅಂಗುಲದ ಆಸುಪಾಸಿನಲ್ಲಿರುತ್ತದೆ. ಇದು ದೃಷ್ಟಿವಲಯದೊಳಗೆ ಬರುವುದರಿಂದ 1554 ಮತ್ತು 1093 ಸಂಖ್ಯೆಗಳನ್ನು ಅಲ್ಲಿಯೇ ನಮೂದಿಸಬೇಕು. ಸಂಖ್ಯೆಯ ಜೊತೆಗೆ ಅದು ಯಾರದು ಎಂಬ ಬರಹವೂ ಅದೇ ವಲಯದಲ್ಲಿರಬೇಕು. ಸಂಖ್ಯೆ ಮೇಲೆ, ಹೆಸರು ಕೆಳಗಿನ ಅಂಚಿನಲ್ಲಿ ಎಂದು ಬೇರ್ಪಡಿಸಬಾರದು.

ವಿವರವಲಯದಲ್ಲಿ ಸೂಚನೆಗಳ ಅನುಕ್ರಮಕ್ಕೂ ಗಮನ ನೀಡಬೇಕಾಗುತ್ತದೆ. ಬಂದರಿನ ಹರಾಜು ಪ್ರಾಂಗಣದಲ್ಲಿ ಸ್ಟ್ಯಾಂಡಿಯ ಮುಂದೆ ಮೀನಿನ ಕ್ರೇಟುಗಳನ್ನು ಇರಿಸುವುದು ಸಾಮಾನ್ಯ. ಸುಮಾರು 1 ಅಡಿ ಎತ್ತರದ ಎರಡು ಕ್ರೇಟುಗಳನ್ನು ಒಂದರ ಮೇಲೊಂದು ಇಟ್ಟರೆ ನೆಲದಿಂದ 24 ಅಂಗುಲದವರೆಗಿನ ಭಾಗ ಮರೆಯಾಗುತ್ತದೆ. ಅಂದರೆ ತೆರವು ವಲಯವಷ್ಟೇ ಅಲ್ಲದೆ ವಿವರವಲಯದ ಕೆಳಗಿನ 8 ಅಂಗುಲವೂ ಕಾಣುವುದಿಲ್ಲ. ಆದ್ದರಿಂದ ಹವಾಮಾನ ಮುನ್ಸೂಚನೆ ತಿಳಿದು ಹೊರಡುವುದು, ಜೀವರಕ್ಷಕ ಜಾಕೆಟ್ ಧರಿಸುವುದು, ವಿ.ಹೆಚ್.ಎಫ್. ರೇಡಿಯೋವನ್ನು ತುರ್ತು ಕರೆಗೆ ಮೀಸಲಾದ ಚಾನೆಲ್ 16ರಲ್ಲಿ ಆಲಿಸುತ್ತಿರುವುದು ಮುಂತಾದ ಮುಖ್ಯ ಸೂಚನೆಗಳು ಮೇಲಿರಬೇಕು. ದಾಖಲೆ ಪತ್ರಗಳ ಕುರಿತ ಸೂಚನೆ ಕೊನೆಗೆ ಬರಬಹುದು.

4. ತೆರವು ವಲಯ ಏಕೆ ಬೇಕು

ಪೆಟ್ಟಿಗೆಯೊಳಗಿನ 6 ಅಂಗುಲವನ್ನು ಪ್ರತ್ಯೇಕವಾಗಿ ಬಿಟ್ಟ ಮೇಲೆ, ಕಾಣುವ ಭಾಗದಲ್ಲಿಯೂ 12 ಅಂಗುಲವನ್ನು ಖಾಲಿ ಬಿಡುವುದು ವ್ಯರ್ಥವೆಂದು ತೋರಬಹುದು. ಆದರೆ ಈ ಎರಡರ ಉದ್ದೇಶಗಳು ಬೇರೆ ಬೇರೆ. ಮೊದಲನೆಯದು ಹಾಳೆಯನ್ನು ಹಿಡಿದಿಡುವುದಕ್ಕಾಗಿ, ಎರಡನೆಯದು ಅಳತೆಯಲ್ಲಿ ಉಂಟಾಗುವ ಏರುಪೇರನ್ನು ಬರಹಕ್ಕೆ ತಾಗದಂತೆ ತಡೆಯುವುದಕ್ಕಾಗಿ.

ಇಂತಹ ಏರುಪೇರು ಮೂರು ಬಗೆಯಲ್ಲಿ ಉಂಟಾಗುತ್ತದೆ. ಹಾಳೆಯನ್ನು ಜೋಡಣೆ ಪಟ್ಟಿಗೆ ಅಂಟಿಸುವಾಗ ಕೈತಪ್ಪಿ ಸ್ವಲ್ಪ ಓರೆಯಾಗುವುದು ಮೊದಲನೆಯದು. 36 ಅಂಗುಲದ ಅಗಲದಲ್ಲಿ ಒಂದು ಕಡೆ ಕಾಲು ಅಂಗುಲ ಹೆಚ್ಚು ಕಡಿಮೆಯಾದರೂ, ಪೆಟ್ಟಿಗೆಯ ನೇರ ಅಂಚಿನ ಪಕ್ಕದಲ್ಲಿರುವ ಬರಹದ ಸಾಲು ವಾಲಿದಂತೆ ಎದ್ದು ಕಾಣುತ್ತದೆ. ಅಂಚಿನಿಂದ ಒಂದು ಅಡಿ ಮೇಲಿರುವ ಸಾಲಿನಲ್ಲಿ ಇದು ಗಮನಕ್ಕೆ ಬರುವುದಿಲ್ಲ. ಎರಡನೆಯದು ಎತ್ತರ ಬದಲಿಸಬಹುದಾದ ಕಂಬಗಳಿಗೆ ಸಂಬಂಧಿಸಿದ್ದು. ತಗ್ಗಾದ ಸೂರಿನ ಕೊಠಡಿಯಲ್ಲಿ ಅಥವಾ ಗಾಳಿಯ ಕಾರಣದಿಂದ ಕಂಬವನ್ನು 3 ಅಂಗುಲ ಇಳಿಸಿದರೆ, ಅಷ್ಟೇ ಉದ್ದದ ಹಾಳೆಯು ಪೆಟ್ಟಿಗೆಯೊಳಗೆ ಉಳಿಯುತ್ತದೆ.

ಮೂರನೆಯದು ಹಾಳೆಯ ಹಿಗ್ಗುವಿಕೆ. ಕರ್ನಾಟಕದಲ್ಲಿ 2016ರ ಮಾರ್ಚ್ 11ರ ಅಧಿಸೂಚನೆಯ ಮೂಲಕ ಪ್ಲಾಸ್ಟಿಕ್ ಬ್ಯಾನರ್ ಮತ್ತು ಫ್ಲೆಕ್ಸ್‌ಗಳನ್ನು ನಿಷೇಧಿಸಲಾಗಿದೆ. ಆದುದರಿಂದ ಫಲಕವನ್ನು ಬಟ್ಟೆಯ ಮೇಲೆ ಮುದ್ರಿಸಿದಾಗ, ಸ್ಪ್ರಿಂಗಿನ ನಿರಂತರ ಸೆಳೆತಕ್ಕೆ ಬಟ್ಟೆಯು ಕ್ರಮೇಣ ಉದ್ದವಾಗುತ್ತದೆ. ಹಿಗ್ಗಿದಷ್ಟು ಭಾಗವನ್ನು ಉರುಳೆ ಒಳಕ್ಕೆ ಎಳೆದುಕೊಳ್ಳುತ್ತದೆ. ಮೊದಲ ದಿನ ಸೀಳಿನ ಮೇಲೆಯೇ ಇದ್ದ ಸಾಲು ಕೆಲವು ವಾರಗಳ ಬಳಿಕ ಒಳಗೆ ಸೇರುವುದು ಹೀಗೆ. ಮಳೆಗಾಲದ ತೇವದಲ್ಲಿ ಹತ್ತಿಬಟ್ಟೆಯ ಅಳತೆ ಇನ್ನಷ್ಟು ಏರುಪೇರಾಗಬಹುದು.

ತೆರವು ವಲಯದಲ್ಲಿ ಬರಹವಿರಬಾರದು ಎಂದರೆ ಅದು ಬಿಳಿಯಾಗಿರಬೇಕು ಎಂದು ಅರ್ಥವಲ್ಲ. ಮೇಲಿನ ಹಿನ್ನೆಲೆಯ ಬಣ್ಣವನ್ನೇ ಇಲ್ಲಿಯೂ ಮುಂದುವರಿಸಿ, ಪೆಟ್ಟಿಗೆಯೊಳಗಿನ 6 ಅಂಗುಲದ ಕೊನೆಯವರೆಗೂ ಅದನ್ನೇ ತುಂಬಬೇಕು. ಹಾಗೆ ಮಾಡದಿದ್ದಲ್ಲಿ ಹಾಳೆಯು ಅರ್ಧ ಅಂಗುಲ ಹೆಚ್ಚು ಮೇಲೆದ್ದರೂ ಸೀಳಿನ ಬಳಿ ಬಿಳಿಯ ಗೆರೆಯೊಂದು ಕಾಣಿಸುತ್ತದೆ. ಅಲೆ, ಮರಳು ಮುಂತಾದ, ಎಲ್ಲಿ ಕತ್ತರಿಸಿದರೂ ಕೆಡದ ಚಿತ್ರವನ್ನು ಇಲ್ಲಿ ಬಳಸಬಹುದು. ದೋಣಿ ಅಥವಾ ಮನುಷ್ಯರ ಚಿತ್ರವನ್ನು ಬಳಸಿದರೆ ಅದರ ಕೆಳಭಾಗ ಪೆಟ್ಟಿಗೆಯೊಳಗೆ ಮುಳುಗಿದಂತೆ ಕಾಣುತ್ತದೆ.

5. ಅಕ್ಷರಗಳ ಗಾತ್ರ ಮತ್ತು ಕಡತ

ಓದುವ ದೂರದ ಪ್ರತಿ 10 ಅಡಿಗೆ 1 ಅಂಗುಲ ಎತ್ತರದ ಅಕ್ಷರ ಎಂಬುದು ಫಲಕಗಳಿಗೆ ಬಳಸುವ ಸ್ಥೂಲ ನಿಯಮ. ಇಲ್ಲಿ ಎತ್ತರವೆಂದರೆ ಮೂಲಾಕ್ಷರದ ಎತ್ತರವೇ ಹೊರತು ಒತ್ತು ಸೇರಿದ ಎತ್ತರವಲ್ಲ. 20 ಅಡಿ ದೂರದಿಂದ ಓದಬೇಕಾದ ಶೀರ್ಷಿಕೆಗೆ 2 ಅಂಗುಲ, ಹತ್ತಿರ ಬಂದು ಓದುವ ಸೂಚನೆಗಳಿಗೆ 1 ಅಂಗುಲ ಸಾಕು. 1554 ಸಂಖ್ಯೆಗೆ 5 ಅಂಗುಲ ನೀಡಿದರೆ ಪ್ರಾಂಗಣದ ಮತ್ತೊಂದು ಬದಿಯಿಂದಲೂ ಓದಬಹುದು. ಸಾಲುಗಳ ನಡುವೆ ಒತ್ತಕ್ಷರಕ್ಕೆ ಸ್ಥಳ ಬೇಕಾಗುವುದರಿಂದ, ಒಂದು ಸಾಲಿನ ತಳಗೆರೆಯಿಂದ ಮುಂದಿನ ಸಾಲಿನ ತಳಗೆರೆಗೆ ಅಕ್ಷರದ ಎತ್ತರದ ಎರಡು ಪಟ್ಟು ಅಂತರವಿರುವುದು ಉತ್ತಮ. ಈ ಲೆಕ್ಕದಂತೆ 24 ಅಂಗುಲದ ವಿವರವಲಯದಲ್ಲಿ 1 ಅಂಗುಲದ ಅಕ್ಷರಗಳಿಂದ ಹನ್ನೆರಡು ಸಾಲುಗಳಷ್ಟೇ ಹಿಡಿಯುತ್ತವೆ. ಬರಹ ಇದಕ್ಕಿಂತ ಹೆಚ್ಚಾದಲ್ಲಿ ಬರಹವನ್ನೇ ಕಡಿತಗೊಳಿಸಬೇಕು. ತೆರವು ವಲಯಕ್ಕೆ ಇಳಿಸಬಾರದು.

ಪೂರ್ಣ ಅಳತೆಯಲ್ಲಿ ಅಂಗುಲಕ್ಕೆ 100 ಚುಕ್ಕೆಗಳ ಸ್ಪಷ್ಟತೆ ಇದ್ದರೆ ಇಂತಹ ಫಲಕಕ್ಕೆ ಸಾಕಾಗುತ್ತದೆ. 36 × 79 ಅಂಗುಲದ ಕಡತವು ಆಗ 3600 × 7900 ಚುಕ್ಕೆಗಳಷ್ಟಾಗುತ್ತದೆ. ನುಡಿ ಮುಂತಾದ ತಂತ್ರಾಂಶಗಳ ಅಕ್ಷರವಿನ್ಯಾಸಗಳು ಮುದ್ರಕರ ಕಂಪ್ಯೂಟರಿನಲ್ಲಿ ಇಲ್ಲದಿದ್ದಲ್ಲಿ ಬರಹವು ಅರ್ಥವಿಲ್ಲದ ಚಿಹ್ನೆಗಳಾಗಿ ಬದಲಾಗುವ ಸಾಧ್ಯತೆಯಿರುವುದರಿಂದ, ಬರಹವನ್ನು ರೇಖಾರೂಪಕ್ಕೆ ಪರಿವರ್ತಿಸಿ ಕಡತವನ್ನು ನೀಡತಕ್ಕದ್ದು. ತಿದ್ದುಪಡಿಗಾಗಿ ಮೂಲ ಕಡತದ ಪ್ರತಿಯನ್ನು ಕಚೇರಿಯಲ್ಲಿ ಉಳಿಸಿಕೊಳ್ಳಬೇಕು.

6. ಮುದ್ರಣಕ್ಕೆ ಮುನ್ನ ಪರಿಶೀಲನೆ

ಹತ್ತನೇ ಒಂದು ಅಳತೆಯಲ್ಲಿ ಈ ವಿನ್ಯಾಸವು 3.6 × 7.9 ಅಂಗುಲ ಆಗುವುದರಿಂದ ಸಾಮಾನ್ಯ ಎ4 ಹಾಳೆಯ ಮೇಲೆ ಅದನ್ನು ಮುದ್ರಿಸಬಹುದು. ಅದನ್ನು ಅಂಚಿಗೆ ಸರಿಯಾಗಿ ಕತ್ತರಿಸಿ, ಕೆಳಗಿನಿಂದ 0.6 ಅಂಗುಲವನ್ನು, ಅಂದರೆ ಸುಮಾರು 15 ಮಿಲಿಮೀಟರನ್ನು, ಹಿಂದಕ್ಕೆ ಮಡಿಸಬೇಕು. ಮೇಲಿನಿಂದ 0.1 ಅಂಗುಲವನ್ನು, ಅಂದರೆ ಎರಡೂವರೆ ಮಿಲಿಮೀಟರನ್ನು, ಅದೇ ರೀತಿ ಮಡಿಸಬೇಕು. ಉಳಿದು ಕಾಣುವುದೇ ಸ್ಟ್ಯಾಂಡಿಯಲ್ಲಿ ಕಾಣುವ ಭಾಗ. ಈ ತುಂಡನ್ನು ಕಣ್ಣಿನಿಂದ 1 ಅಡಿ ದೂರ ಹಿಡಿದರೆ ನಿಜವಾದ ಫಲಕವನ್ನು 10 ಅಡಿಯಿಂದ ನೋಡಿದಂತಾಗುತ್ತದೆ. ಆ ದೂರದಿಂದ ಓದಲಾಗದ ಬರಹವನ್ನು ಸ್ಟ್ಯಾಂಡಿಯಲ್ಲಿಯೂ 10 ಅಡಿಯಿಂದ ಓದಲಾಗುವುದಿಲ್ಲ. ಕೊನೆಗೆ ತುಂಡಿನ ಕೆಳಭಾಗವನ್ನು ಎರಡು ಅಂಗುಲದಷ್ಟು ಬೆರಳಿನಿಂದ ಮುಚ್ಚಿ ನೋಡಬೇಕು. ಇದು ಎರಡು ಕ್ರೇಟುಗಳು ಮರೆಮಾಡುವ ಭಾಗಕ್ಕೆ ಸಮ. ಆಗಲೂ ಎರಡು ಸಂಖ್ಯೆಗಳು ಮತ್ತು ಮುಖ್ಯ ಸೂಚನೆಗಳು ಕಾಣುತ್ತಿದ್ದಲ್ಲಿ ವಿನ್ಯಾಸವನ್ನು ಮುದ್ರಣಕ್ಕೆ ನೀಡಬಹುದು.

7. ಮುದ್ರಣವಾದ ನಂತರ ದೋಷ ಕಂಡುಬಂದಲ್ಲಿ

ಕೊನೆಯ ಸಾಲು ಒಳಗೆ ಸೇರಿರುವುದು ಕಂಡುಬಂದಾಗ ಹಾಳೆಯನ್ನು ಕೈಯಿಂದ ಮೇಲಕ್ಕೆ ಜಗ್ಗುವುದು ಸರಿಯಲ್ಲ. ಹಾಗೆ ಜಗ್ಗಿದಲ್ಲಿ ಟೇಪಿನ ಸೇರ್ಪಡೆ ಹೊರಬಂದು ಹಾಳೆ ಕಳಚಬಹುದು; ಬಿಗಿತ ತಪ್ಪಿದ ಉರುಳೆಯು ರಭಸವಾಗಿ ಸುತ್ತಿಕೊಳ್ಳಬಹುದು. ಎತ್ತರ ಬದಲಿಸುವ ಕಂಬವಿದ್ದು, ಅದನ್ನು ಪೂರ್ಣವಾಗಿ ಏರಿಸಿಲ್ಲದಿದ್ದರೆ ಮೊದಲು ಅದನ್ನು ಏರಿಸಿ ನೋಡಬೇಕು. ಅದರಿಂದಲೂ ಸರಿಹೋಗದಿದ್ದಲ್ಲಿ ಸಂಖ್ಯೆಗಳನ್ನು ದೃಷ್ಟಿವಲಯದಲ್ಲಿ ಪ್ರತ್ಯೇಕ ಚೀಟಿಯಾಗಿ ಅಂಟಿಸುವುದು ತಾತ್ಕಾಲಿಕ ಪರಿಹಾರ. ಸ್ಟ್ಯಾಂಡಿಯನ್ನು ಸುತ್ತಿ ಬಿಚ್ಚಿದಂತೆಲ್ಲ ಇಂತಹ ಚೀಟಿಯ ಅಂಚು ಏಳುವುದರಿಂದ, ಕಾರವಾರದಿಂದ ಅಂಕೋಲಾಕ್ಕೆ ಸಾಗಿಸಬೇಕಾದ ಫಲಕಕ್ಕೆ ಇದು ಹೆಚ್ಚು ಕಾಲ ಬಾಳುವುದಿಲ್ಲ. ಪೆಟ್ಟಿಗೆ ಮತ್ತು ಕಂಬವನ್ನು ಉಳಿಸಿಕೊಂಡು ಹಾಳೆಯನ್ನು ಮಾತ್ರ ಮರುಮುದ್ರಿಸಿ ಬದಲಿಸಿಕೊಳ್ಳಲು ಅವಕಾಶವಿದೆ. ಈ ಕೆಲಸವನ್ನು ಮುದ್ರಕರಿಂದಲೇ ಮಾಡಿಸುವುದು ಕ್ಷೇಮ. ಹಳೆಯ ಹಾಳೆಯನ್ನು ಬಿಡಿಸುವಾಗ ಉರುಳೆಯನ್ನು ತಡೆಹಿಡಿಯದಿದ್ದರೆ ಸ್ಪ್ರಿಂಗ್ ತನ್ನ ಬಿಗಿತವನ್ನು ಪೂರ್ತಿ ಕಳೆದುಕೊಳ್ಳುತ್ತದೆ.

ರೋಲ್-ಅಪ್ ಸ್ಟ್ಯಾಂಡಿಯು ಒಳಾಂಗಣದ ಬಳಕೆಗಾಗಿ ಇರುವ ಸಾಧನ. ಕಡಲತೀರದ ಬಯಲಿನಲ್ಲಿ ಗಾಳಿಗೆ ಅದು ಉರುಳುತ್ತದೆ. ತೊಳೆದ ಒದ್ದೆ ನೆಲದ ಮೇಲೆ ಇರಿಸಿದಾಗ ಉಪ್ಪುನೀರು ಪೆಟ್ಟಿಗೆಯೊಳಗೆ ಸೇರಿ ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ. ಹರಾಜು ಪ್ರಾಂಗಣದಲ್ಲಿ ಪೆಟ್ಟಿಗೆಯನ್ನು ಇಟ್ಟಿಗೆ ಅಥವಾ ಹಲಗೆಯ ಮೇಲೆ ಎತ್ತರಿಸಿ, ಕಂಬವನ್ನು ಹಿಂಬದಿಯ ಕಟ್ಟಡದ ಕಂಬಕ್ಕೆ ಕಟ್ಟುವುದು ಸೂಕ್ತ. ಸುತ್ತುವ ಮುನ್ನ ಹಾಳೆಯನ್ನು ಒಣಬಟ್ಟೆಯಿಂದ ಒರೆಸತಕ್ಕದ್ದು. ಮಳೆಗಾಲದುದ್ದಕ್ಕೂ ಹೊರಗೆ ನಿಲ್ಲಬೇಕಾದ ಸೂಚನೆಗೆ ಸ್ಟ್ಯಾಂಡಿಯ ಬದಲಾಗಿ ಬಣ್ಣ ಬಳಿದ ಲೋಹದ ಫಲಕವನ್ನು ಬಳಸುವುದು ಯೋಗ್ಯ.